ಎಣಿಕೆ ಸರಿಯಿದೆ, ರಕ್ತ ಮಾತ್ರ ನಿಲ್ಲುತ್ತಿಲ್ಲ: ಗ್ಲಾಂಜ್‌ಮನ್ ಥ್ರಾಂಬಾಸ್ತೇನಿಯಾ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಒಂದು ಲ್ಯಾಬ್ ವರದಿಯಿಂದ ಶುರುಮಾಡೋಣ. ಇದು ಯಾರೋ ಒಬ್ಬರ ವರದಿಯಲ್ಲ. ಗ್ಲಾಂಜ್‌ಮನ್ ಥ್ರಾಂಬಾಸ್ತೇನಿಯಾ ಎಂಬ ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸಿಗುವ ಅಂಕಿಗಳನ್ನು ಜೋಡಿಸಿ ಮಾತಿಗಾಗಿ ಕಟ್ಟಿಕೊಂಡ ಮಾದರಿ. ಆರು ವರ್ಷದ ಹುಡುಗಿ, ತೂಕ 20 ಕೆಜಿ. ಬೆಳಗ್ಗೆಯಿಂದ ಮೂಗಿನಲ್ಲಿ ರಕ್ತ ಸುರಿಯುತ್ತಿದೆ, ಸಂಜೆಯಾದರೂ ನಿಂತಿಲ್ಲ. ಹಿಮೋಗ್ಲೋಬಿನ್ 6.8. ಪ್ಲೇಟ್‌ಲೆಟ್ 2,60,000. ರಕ್ತ ಹೆಪ್ಪುಗಟ್ಟುವ ಎರಡು ಮಾಮೂಲಿ ಪರೀಕ್ಷೆಗಳಲ್ಲಿ ಪಿಟಿ 12.5 ಸೆಕೆಂಡು, ಎಪಿಟಿಟಿ 31 ಸೆಕೆಂಡು, ಎರಡೂ ಸರಿ. ಮನೆಯವರನ್ನು ಕೇಳಿದರೆ ಹಿಂದಿನದೆಲ್ಲ ಹೊರಬರುತ್ತದೆ. ಅಂಬೆಗಾಲಿಡುವಾಗಲೇ ಮೊಣಕಾಲಿನ ತುಂಬ ನೀಲಿ ಕಲೆ, ಹಲ್ಲು ಹುಟ್ಟುವಾಗ ವಸಡಿನಲ್ಲಿ ರಕ್ತ, ಮೊದಲ ಹಾಲುಹಲ್ಲು ಬಿದ್ದಾಗ ಎರಡು ದಿನ ಜಿನುಗಿದ್ದು. ತಾಯಿಯನ್ನು ಆಕೆಯ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದಾರೆ.

ಡೆಂಗ್ಯೂ ನಮ್ಮೂರುಗಳಿಗೆ ಬಂದಾಗಿನಿಂದ ಪ್ಲೇಟ್‌ಲೆಟ್ ಎಂಬ ಪದ ಗೊತ್ತಿಲ್ಲದವರು ಕಡಿಮೆ. ಆದರೆ ಅದರ ಜೊತೆಗೇ ಒಂದು ಅರ್ಧ ತಿಳಿವಳಿಕೆಯೂ ಬೇರೂರಿತು. ಪ್ಲೇಟ್‌ಲೆಟ್ ಅಂದರೆ ಒಂದು ಸಂಖ್ಯೆ, ಅದು ಇಳಿದರೆ ಅಪಾಯ, ಒಂದೂವರೆ ಲಕ್ಷ ದಾಟಿದರೆ ಮನೆಗೆ ಹೋಗಬಹುದು ಎಂಬ ಲೆಕ್ಕ. ಈ ಹುಡುಗಿಯ ವರದಿ ನೋಡಿದವರು 'ಪ್ಲೇಟ್‌ಲೆಟ್ ಚೆನ್ನಾಗಿದೆ, ಉಷ್ಣಕ್ಕೆ ಮೂಗು ಒಡೆದಿರಬೇಕು' ಎಂದು ಕಳಿಸಿಬಿಡುವುದು ಈ ಲೆಕ್ಕದಿಂದಲೇ. ಯಂತ್ರ ಎಣಿಸುವುದು ತಲೆಗಳನ್ನು. ಆ ಪ್ಲೇಟ್‌ಲೆಟ್‌ಗಳಿಗೆ ಹಿಡಿದುಕೊಳ್ಳಲು ಕೈ ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ.

ಹಿಡಿಯುವುದು ಎರಡು ಸಲ

ಗಾಯವಾದಾಗ ಪ್ಲೇಟ್‌ಲೆಟ್ ಎರಡು ಬೇರೆ ಬೇರೆ ಹಿಡಿತಗಳನ್ನು ಬಳಸುತ್ತದೆ. ರಕ್ತನಾಳದ ಒಳಪದರ ಹರಿದಾಗ ಅದರ ಕೆಳಗಿನ ಕೊಲಾಜೆನ್ ಬಯಲಾಗುತ್ತದೆ. ರಕ್ತದಲ್ಲಿ ತೇಲುವ ವಾನ್ ವಿಲಿಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನು ಹೋಗಿ ಆ ಕೊಲಾಜೆನ್‌ಗೆ ಅಂಟುತ್ತದೆ. ರಭಸದಿಂದ ಹರಿದುಹೋಗುತ್ತಿರುವ ಪ್ಲೇಟ್‌ಲೆಟ್ ಆ ಪ್ರೋಟೀನನ್ನು ಹಿಡಿದು ನಿಲ್ಲಬೇಕು. ಈ ಕೆಲಸಕ್ಕೆ ಪ್ಲೇಟ್‌ಲೆಟ್‌ನ ಮೈಮೇಲಿರುವ ಹಿಡಿಕೆ, ಅಂದರೆ ಗ್ರಾಹಕದ ಹೆಸರು ಗ್ಲೈಕೊಪ್ರೋಟೀನ್ 1ಬಿ-9-5. ಇದು ಗೋಡೆಗೆ ಅಂಟುವ ಹಿಡಿತ.

ಗೋಡೆಗೆ ಅಂಟಿದ ಒಂದು ಸಾಲು ಪ್ಲೇಟ್‌ಲೆಟ್ ರಕ್ತವನ್ನು ತಡೆಯಲಾರದು. ಅವುಗಳ ಮೇಲೆ ಇನ್ನಷ್ಟು ಬಂದು ಒಂದಕ್ಕೊಂದು ಕಟ್ಟಿಕೊಂಡು ಗುಪ್ಪೆಯಾಗಬೇಕು. ಅಂಟಿದ ಪ್ಲೇಟ್‌ಲೆಟ್ ಎಡಿಪಿ, ಥ್ರಾಂಬಾಕ್ಸೇನ್ ಎಂಬ ಸಂದೇಶಗಳನ್ನು ಹೊರಹಾಕಿ ಪಕ್ಕದವನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಪ್ಲೇಟ್‌ಲೆಟ್‌ನ ಮೈಮೇಲೆ ಅದುವರೆಗೆ ಬಾಗಿ ಮುದುಡಿಕೊಂಡಿದ್ದ ಇನ್ನೊಂದು ಗ್ರಾಹಕ ನೆಟ್ಟಗಾಗಿ ಬಾಯಿ ತೆರೆಯುತ್ತದೆ. ಅದರ ಹೆಸರು ಆಲ್ಫಾ-2ಬಿ ಬೀಟಾ-3. ಹಳೆಯ ಪುಸ್ತಕಗಳಲ್ಲಿ ಗ್ಲೈಕೊಪ್ರೋಟೀನ್ 2ಬಿ-3ಎ ಎಂದಿರುತ್ತದೆ. ಒಂದೊಂದು ಪ್ಲೇಟ್‌ಲೆಟ್ ಮೇಲೆ ಇಂಥವು ಸುಮಾರು 80,000 ಇರುತ್ತವೆ. ದೇಹದ ಇನ್ನಾವುದೇ ಗ್ರಾಹಕ ಪ್ಲೇಟ್‌ಲೆಟ್ ಮೇಲೆ ಇಷ್ಟು ದಟ್ಟವಾಗಿಲ್ಲ. ತೆರೆದ ಬಾಯಿ ಫೈಬ್ರಿನೋಜೆನ್ ಎಂಬ ಎಳೆಯ ಒಂದು ತುದಿಯನ್ನು ಹಿಡಿಯುತ್ತದೆ, ಇನ್ನೊಂದು ತುದಿಯನ್ನು ಪಕ್ಕದ ಪ್ಲೇಟ್‌ಲೆಟ್ ಹಿಡಿಯುತ್ತದೆ.

ಹೂ ಕಟ್ಟುವವರಿಗೆ ಇದನ್ನು ವಿವರಿಸುವುದು ಸುಲಭ. ಪ್ಲೇಟ್‌ಲೆಟ್ ಮಲ್ಲಿಗೆ, ಫೈಬ್ರಿನೋಜೆನ್ ಬಾಳೆನಾರು, ಗ್ರಾಹಕ ಹೂವಿನ ತೊಟ್ಟು. ಗ್ಲಾಂಜ್‌ಮನ್ ಕಾಯಿಲೆಯಲ್ಲಿ ಬುಟ್ಟಿ ತುಂಬ ಹೂವಿದೆ, ನಾರೂ ಬೇಕಾದಷ್ಟಿದೆ. ತೊಟ್ಟು ಮಾತ್ರ ಒಂದಕ್ಕೂ ಇಲ್ಲ. ಬುಟ್ಟಿಯಲ್ಲಿನ ಹೂವು ಎಣಿಸಿದರೆ ಇದು ತಿಳಿಯುವುದಿಲ್ಲ.

ಬರ್ನ್ ನಗರದ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ 1918ರಲ್ಲಿ ಇದನ್ನು ಬರೆದಿಟ್ಟಾಗ ಗ್ರಾಹಕ ಎಂಬ ಕಲ್ಪನೆಯೇ ಇರಲಿಲ್ಲ. ಅವರು ಗಮನಿಸಿದ್ದು ಗಾಜಿನ ನಳಿಕೆಯಲ್ಲಿನ ರಕ್ತದ ಹೆಪ್ಪನ್ನು. ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದರೂ ಹೆಪ್ಪು ಕುಗ್ಗುತ್ತಿರಲಿಲ್ಲ. ಪ್ಲೇಟ್‌ಲೆಟ್‌ಗಳು 'ದುರ್ಬಲ' ಎಂದು ತೀರ್ಮಾನಿಸಿ ಥ್ರಾಂಬಾಸ್ತೇನಿಯಾ ಎಂದು ಹೆಸರಿಟ್ಟರು. ದುರ್ಬಲತೆಯಲ್ಲ, ಮೇಲ್ಮೈಯ ಒಂದು ಗ್ಲೈಕೊಪ್ರೋಟೀನೇ ಇಲ್ಲ ಎಂದು ಪ್ಯಾರಿಸ್‌ನಲ್ಲಿ ನರ್ಡನ್ ಮತ್ತು ಕಾನ್ ತೋರಿಸಿದ್ದು 1974ರಲ್ಲಿ. ಆ ತಿಳಿವು ಮುಂದೆ ಹೃದ್ರೋಗದವರಿಗೂ ಉಪಯೋಗಕ್ಕೆ ಬಂತು. ಹೃದಯದ ನಾಳಕ್ಕೆ ಸ್ಟೆಂಟ್ ಹಾಕುವಾಗ ಬಳಸುವ ಎಪ್ಟಿಫಿಬಟೈಡ್, ಟೈರೊಫಿಬಾನ್ ಮದ್ದುಗಳು ಇದೇ ಗ್ರಾಹಕದ ಬಾಯನ್ನು ಮುಚ್ಚುತ್ತವೆ. ಅಂದರೆ ಕ್ಯಾಥ್ ಲ್ಯಾಬ್‌ನಲ್ಲಿ ಬೇಕೆಂದೇ ಕೆಲವು ಗಂಟೆಗಳ ಮಟ್ಟಿಗೆ ಗ್ಲಾಂಜ್‌ಮನ್ ಕಾಯಿಲೆಯನ್ನು ತರಿಸುತ್ತಾರೆ. ನಮ್ಮ ಹುಡುಗಿ ಹುಟ್ಟಿದಾಗಿನಿಂದ ಆ ಸ್ಥಿತಿಯಲ್ಲಿದ್ದಾಳೆ.

ಒಂದು ಹನಿ ರಕ್ತ, ಒಂದು ಗಾಜಿನ ನಳಿಕೆ

ದೊಡ್ಡ ಲ್ಯಾಬ್‌ಗೆ ಕಳಿಸುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬಹುದಾದ ಎರಡು ಕೆಲಸಗಳಿವೆ. ಹಳೆಯ ಪರೀಕ್ಷೆಗಳೆಂದು ಇವನ್ನು ಮೂಲೆಗೆ ಹಾಕಿರುವುದು ನನ್ನ ಲೆಕ್ಕದಲ್ಲಿ ತಪ್ಪು.

ಮೊದಲನೆಯದು ರಕ್ತಲೇಪನ, ಅಂದರೆ ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದರಲ್ಲಿ ಒಂದು ಎಡವಟ್ಟು ದಿನವೂ ಆಗುತ್ತದೆ. ಲ್ಯಾಬ್‌ಗಳು ಸ್ಲೈಡ್ ಎಳೆಯುವುದು ನೇರಳೆ ಮುಚ್ಚಳದ ಇಡಿಟಿಎ ನಳಿಕೆಯ ರಕ್ತದಿಂದ. ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದರಲ್ಲಿ ಆರೋಗ್ಯವಂತರ ಪ್ಲೇಟ್‌ಲೆಟ್‌ಗಳೂ ಒಂಟೊಂಟಿಯಾಗಿಯೇ ಕಾಣುತ್ತವೆ. ಆ ಸ್ಲೈಡಿನಲ್ಲಿ ಗ್ಲಾಂಜ್‌ಮನ್ ಹುಡುಕಿದರೆ ಏನೂ ಸಿಗದು. ಬೆರಳು ಚುಚ್ಚಿ, ಬಂದ ಹನಿಯನ್ನು ನೇರವಾಗಿ ಗಾಜಿನ ಮೇಲಿಟ್ಟು ತಕ್ಷಣ ಎಳೆಯಬೇಕು. ಆರೋಗ್ಯವಂತರ ಇಂಥ ಸ್ಲೈಡಿನಲ್ಲಿ ಪ್ಲೇಟ್‌ಲೆಟ್‌ಗಳು ಐದು, ಹತ್ತು, ಇಪ್ಪತ್ತರ ಗುಂಪುಗಳಾಗಿ ಇರುತ್ತವೆ. ಈ ಹುಡುಗಿಯ ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಬಿಡಿಬಿಡಿ, ಸಾಸಿವೆ ಚೆಲ್ಲಿದ ಹಾಗೆ. ಗಾತ್ರ ಮಾಮೂಲು, ಬಣ್ಣ ಮಾಮೂಲು, ಗುಂಪು ಮಾತ್ರ ಒಂದೂ ಇಲ್ಲ.

ಎರಡನೆಯದು ಗ್ಲಾಂಜ್‌ಮನ್ ಸ್ವತಃ ನೋಡಿದ್ದು. ಏನೂ ಬೆರೆಸದ 2–3 ಎಂಎಲ್ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ 37 ಡಿಗ್ರಿ ನೀರಿನಲ್ಲಿ ನಿಲ್ಲಿಸುವುದು. ಸರಿಯಿರುವ ರಕ್ತ ಹೆಪ್ಪುಗಟ್ಟಿ, ಒಂದೆರಡು ಗಂಟೆಯಲ್ಲಿ ಹೆಪ್ಪು ತನ್ನನ್ನು ತಾನೇ ಹಿಂಡಿಕೊಂಡು ಚಿಕ್ಕದಾಗಿ, ಸುತ್ತಲೂ ಹಳದಿ ತಿಳಿ ಬಿಡುತ್ತದೆ. ಹಿಂಡುವ ಕೆಲಸ ಪ್ಲೇಟ್‌ಲೆಟ್‌ಗಳದ್ದು. ಅವು ಆಲ್ಫಾ-2ಬಿ ಬೀಟಾ-3 ಮೂಲಕವೇ ಹೆಪ್ಪಿನ ಬಲೆಯಾದ ಫೈಬ್ರಿನ್ ಎಳೆಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ಹಿಡಿತವಿಲ್ಲದಿದ್ದರೆ ಹೆಪ್ಪು ಗಾಜಿಗೆ ಅಂಟಿದ್ದು ಅಂಟಿದ ಹಾಗೇ ಇರುತ್ತದೆ, ತಿಳಿ ಬಿಡುವುದೇ ಇಲ್ಲ. ಕೆಂಪು ಮುಚ್ಚಳದ ಪ್ಲಾಸ್ಟಿಕ್ ನಳಿಕೆಗಳಲ್ಲಿ ಹೆಪ್ಪು ಬೇಗ ಕಟ್ಟಿಸುವ ಪುಡಿ ಲೇಪಿಸಿರುತ್ತಾರೆ, ಅವು ಇದಕ್ಕೆ ಬೇಡ. ಬರಿಯ ಗಾಜೇ ಆಗಬೇಕು.

ಬೆಳಕಿನ ಗೆರೆಯನ್ನು ಓದುವುದು

ಖಚಿತಪಡಿಸಿಕೊಳ್ಳಲು ಅಗ್ರಿಗೋಮೆಟ್ರಿ ಬೇಕು. ತತ್ವ ಸರಳ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಬ್ಬಾಗಿರುತ್ತದೆ, ಅದರ ಮೂಲಕ ಬೆಳಕು ಹಾಯುವುದು ಕಡಿಮೆ. ಒಂದು ಪ್ರಚೋದಕ ಹಾಕಿದಾಗ ಪ್ಲೇಟ್‌ಲೆಟ್‌ಗಳು ಗುಂಪುಕಟ್ಟಿದರೆ ದ್ರವ ತಿಳಿಯಾಗಿ ಬೆಳಕು ಹೆಚ್ಚು ಹಾಯುತ್ತದೆ. ಆ ಏರಿಕೆಯೇ ಪರದೆಯ ಮೇಲಿನ ಗೆರೆ.

ತಯಾರಿಯಲ್ಲಿ ಎಡವಿದರೆ ಆರೋಗ್ಯವಂತರೂ ಕಾಯಿಲೆಯವರಾಗಿ ಕಾಣುತ್ತಾರೆ. 3.2 ಶೇಕಡಾ ಸೋಡಿಯಂ ಸಿಟ್ರೇಟ್ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು. ಒಂದೇ ಚುಚ್ಚಿಗೆ ರಕ್ತನಾಳ ಸಿಗಬೇಕು. ಸೂಜಿಯಿಂದ ಹುಡುಕಾಡಿದ ಮಾದರಿಯಲ್ಲಿ ಪ್ಲೇಟ್‌ಲೆಟ್‌ಗಳು ಆಗಲೇ ಎಚ್ಚೆತ್ತಿರುತ್ತವೆ. ಫ್ರಿಜ್ಜಿನಲ್ಲಿಡುವಂತಿಲ್ಲ. ಅರ್ಧ ಗಂಟೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟು, ನಿಧಾನದ ವೇಗದಲ್ಲಿ ಅಂದರೆ ಸುಮಾರು 200 ಜಿ ಬಲದಲ್ಲಿ 10 ನಿಮಿಷ ತಿರುಗಿಸಿದರೆ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮೇಲೆ ಬರುತ್ತದೆ. ಉಳಿದದ್ದನ್ನು 1500 ಜಿಗೆ ಏರಿಸಿ 15 ನಿಮಿಷ ತಿರುಗಿಸಿದರೆ ತಿಳಿ ಪ್ಲಾಸ್ಮಾ. ಮೊದಲನೆಯದನ್ನು ಸೊನ್ನೆ, ಎರಡನೆಯದನ್ನು ನೂರು ಎಂದು ಯಂತ್ರಕ್ಕೆ ಹೇಳಿಕೊಡಬೇಕು. 37 ಡಿಗ್ರಿಯಲ್ಲಿ, ಒಳಗೆ ಪುಟ್ಟ ಲೋಹದ ಕಡ್ಡಿ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿರಬೇಕು. ಕಡ್ಡಿ ಹಾಕಲು ಮರೆತರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಡಿಕ್ಕಿಯಾಗುವುದೇ ಇಲ್ಲ, ಗೆರೆ ಏಳುವುದಿಲ್ಲ. ರಕ್ತ ತೆಗೆದ ನಾಲ್ಕು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಬೇರೆ ಊರಿನಿಂದ ಕೊರಿಯರ್‌ನಲ್ಲಿ ಬಂದ ಮಾದರಿಯ ಫಲಿತಾಂಶವನ್ನು ನಂಬಬೇಡಿ.

ಈಗ ಗೆರೆಗಳು. ಎಡಿಪಿ 5 ಮೈಕ್ರೊಮೋಲಾರ್ ಹಾಕಿದಾಗ ಆರೋಗ್ಯವಂತರಲ್ಲಿ ಗೆರೆ 70–80ಕ್ಕೆ ಏರುತ್ತದೆ. ಹುಡುಗಿಯಲ್ಲಿ 4. ಕೊಲಾಜೆನ್‌ಗೆ 3, ಅರಾಕಿಡೊನಿಕ್ ಆಮ್ಲಕ್ಕೆ 5. ಇಷ್ಟೇ ನೋಡಿದರೆ ಪ್ಲೇಟ್‌ಲೆಟ್ ಸತ್ತೇಹೋಗಿದೆಯೋ, ರಾಸಾಯನಿಕ ಹಳಸಿದೆಯೋ ಎಂಬ ಅನುಮಾನ ಬರುತ್ತದೆ. ಹಾಗಾಗಿ ಗೆರೆಯ ಮೊದಲ ಕೆಲವು ಸೆಕೆಂಡುಗಳನ್ನು ದೊಡ್ಡದು ಮಾಡಿ ನೋಡಿ. ಎಡಿಪಿ ಬೀಳುವ ಮೊದಲು ಗೆರೆ ಸಣ್ಣಗೆ ನಡುಗುತ್ತಿರುತ್ತದೆ. ಚಪ್ಪಟೆ ಬಿಲ್ಲೆಗಳಂಥ ಪ್ಲೇಟ್‌ಲೆಟ್‌ಗಳು ಸುಳಿಯಲ್ಲಿ ಹೊರಳುವಾಗ ಬೆಳಕು ಮಿನುಗುವುದೇ ಅದಕ್ಕೆ ಕಾರಣ. ಎಡಿಪಿ ಬಿದ್ದ ಕೂಡಲೇ ಗೆರೆ ಮೇಲೇಳುವ ಬದಲು ಚೂರು ಕೆಳಗಿಳಿಯುತ್ತದೆ, ನಡುಕ ಕಡಿಮೆಯಾಗುತ್ತದೆ. ಬಿಲ್ಲೆಗಳು ಉಬ್ಬಿ ಮುಳ್ಳುಮುಳ್ಳಾದ ಗುರುತು ಇದು. ಹುಡುಗಿಯ ಗೆರೆಯಲ್ಲೂ ಈ ಇಳಿತವಿದೆ. ಅಂದರೆ ಪ್ಲೇಟ್‌ಲೆಟ್ ಜೀವಂತವಾಗಿದೆ, ಸಂದೇಶ ತಲುಪಿದೆ, ಅದು ಎಚ್ಚೆತ್ತು ಸಿದ್ಧವಾಗಿದೆ. ಆಮೇಲೆ ಏಳಬೇಕಾದ ಗೆರೆ ಏಳದೆ ಚಪ್ಪಟೆಯಾಗಿ ಸಾಗುತ್ತದೆ. ಕಟ್ಟಿಕೊಳ್ಳುವ ಕಡೆ ಮಾತ್ರ ಕೆಟ್ಟಿದೆ ಎಂದು ಆ ಪುಟ್ಟ ಇಳಿತವೇ ಹೇಳಿಬಿಡುತ್ತದೆ.

ಕೊನೆಗೆ ರಿಸ್ಟೊಸೆಟಿನ್, 1.2 ಮಿಲಿಗ್ರಾಂ ಪ್ರತಿ ಎಂಎಲ್‌ಗೆ. ಇದು ಒಂದು ಕಾಲದ ಆ್ಯಂಟಿಬಯೋಟಿಕ್. ರೋಗಿಗಳ ಪ್ಲೇಟ್‌ಲೆಟ್ ಕುಸಿಯುತ್ತಿತ್ತೆಂದು ಮಾರುಕಟ್ಟೆಯಿಂದ ಹೋಯಿತು, ಲ್ಯಾಬ್‌ನಲ್ಲಿ ಉಳಿಯಿತು. ಅದು ವಾನ್ ವಿಲಿಬ್ರಾಂಡ್ ಫ್ಯಾಕ್ಟರನ್ನು ಗ್ಲೈಕೊಪ್ರೋಟೀನ್ 1ಬಿಗೆ ಅಂಟಿಸುತ್ತದೆ, ಅಂದರೆ ಮೊದಲ ಹಿಡಿತವನ್ನು ಪರೀಕ್ಷಿಸುತ್ತದೆ. ಹುಡುಗಿಯ ಗೆರೆ ಇಲ್ಲಿ 60ಕ್ಕೆ ಏರಿತು. ಗೋಡೆ ಹಿಡಿಯುವ ಕೈ ಇದೆ, ಒಂದನ್ನೊಂದು ಹಿಡಿಯುವ ಕೈ ಇಲ್ಲ. ಎಲ್ಲವೂ ಚಪ್ಪಟೆ, ರಿಸ್ಟೊಸೆಟಿನ್ ಒಂದೇ ಏರಿಕೆ: ಗ್ಲಾಂಜ್‌ಮನ್‌ನ ಸಹಿ ಇದು.

ನೋವಿನ ಮಾತ್ರೆ ತಿಂದು ಬಂದವರ ಚಿತ್ರ ಬೇರೆ. ಐಬುಪ್ರೊಫೆನ್ ತೆಗೆದುಕೊಂಡಿದ್ದರೆ ಅರಾಕಿಡೊನಿಕ್ ಆಮ್ಲಕ್ಕೆ ಮಾತ್ರ ಗೆರೆ ಚಪ್ಪಟೆ, ಎಡಿಪಿಗೆ ಏರುತ್ತದೆ. ಆಸ್ಪಿರಿನ್ ಆದರೆ ಪರಿಣಾಮ ಪ್ಲೇಟ್‌ಲೆಟ್‌ನ ಆಯುಷ್ಯ ಮುಗಿಯುವವರೆಗೆ, ಅಂದರೆ ಹತ್ತು ದಿನದವರೆಗೆ ಉಳಿಯಬಹುದು.

ಕನ್ನಡಿಯ ಆಚೆಯ ಕಾಯಿಲೆ

ಮೊದಲ ಹಿಡಿತವೇ ಇಲ್ಲದಿದ್ದರೆ? ಜಾನ್ ಬರ್ನಾರ್ಡ್ ಮತ್ತು ಜಾನ್ ಪಿಯರ್ ಸೂಲಿಯೆ ಎಂಬ ಫ್ರೆಂಚ್ ವೈದ್ಯರು 1948ರಲ್ಲಿ ವರ್ಣಿಸಿದ್ದು ಅದನ್ನು. ಅಲ್ಲಿ ಗೆರೆಗಳು ತಿರುವುಮುರುವು. ಎಡಿಪಿ, ಕೊಲಾಜೆನ್‌ಗೆ ಸರಿಯಾಗಿ ಏರುತ್ತವೆ, ರಿಸ್ಟೊಸೆಟಿನ್‌ಗೆ ಚಪ್ಪಟೆ. ವಾನ್ ವಿಲಿಬ್ರಾಂಡ್ ಕಾಯಿಲೆಯಲ್ಲೂ ರಿಸ್ಟೊಸೆಟಿನ್ ಗೆರೆ ಚಪ್ಪಟೆಯಾಗಬಹುದು. ಆದರೆ ಅಲ್ಲಿ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದರೆ ಗೆರೆ ಏಳುತ್ತದೆ, ಬರ್ನಾರ್ಡ್–ಸೂಲಿಯೆಯಲ್ಲಿ ಏಳುವುದಿಲ್ಲ. ಕೊರತೆ ಪ್ಲಾಸ್ಮಾದಲ್ಲಿಲ್ಲ, ಪ್ಲೇಟ್‌ಲೆಟ್‌ನ ಮೈಮೇಲಿದೆ.

ಆದರೆ ಅಲ್ಲಿ ಎಣಿಕೆಯ ಕಥೆ ಬೇರೆ. ಬರ್ನಾರ್ಡ್–ಸೂಲಿಯೆಯಲ್ಲಿ ಪ್ಲೇಟ್‌ಲೆಟ್‌ಗಳು ಕೆಂಪು ರಕ್ತಕಣದಷ್ಟು ದೊಡ್ಡವಿರಬಹುದು, ಸಂಖ್ಯೆಯೂ ಸಾಮಾನ್ಯವಾಗಿ ಕಡಿಮೆ. ಯಂತ್ರ ಗಾತ್ರ ನೋಡಿ ಎಣಿಸುವುದರಿಂದ ದೊಡ್ಡ ಪ್ಲೇಟ್‌ಲೆಟ್‌ಗಳನ್ನು ಕೆಂಪು ಕಣದ ಲೆಕ್ಕಕ್ಕೆ ಹಾಕಿ, ಇರುವುದಕ್ಕಿಂತಲೂ ಕಡಿಮೆ ತೋರಿಸುತ್ತದೆ. ಸ್ಲೈಡ್ ನೋಡದವರು ಅದನ್ನು ಐಟಿಪಿ, ಅಂದರೆ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆ ಎಂದುಕೊಂಡು ವರ್ಷಗಟ್ಟಲೆ ಸ್ಟೀರಾಯ್ಡ್ ಕೊಡುತ್ತಾರೆ, ಗುಲ್ಮ ತೆಗೆಸಿದ್ದೂ ಉಂಟು. ಎಣಿಕೆ ಪೂರ್ತಿ ಸರಿಯಿದ್ದು ಗ್ರಾಹಕವಿಲ್ಲದ ಸ್ಥಿತಿಗೆ ಶುದ್ಧ ಉದಾಹರಣೆ ಗ್ಲಾಂಜ್‌ಮನ್. ಕೊಲಾಜೆನ್ ಗ್ರಾಹಕವಾದ ಗ್ಲೈಕೊಪ್ರೋಟೀನ್ 6 ಇಲ್ಲದವರೂ ಇದ್ದಾರೆ. ಅವರಲ್ಲಿ ಕೊಲಾಜೆನ್ ಗೆರೆ ಮಾತ್ರ ಕೆಡುತ್ತದೆ, ರಕ್ತಸ್ರಾವ ಸೌಮ್ಯ.

ರಕ್ತವೇ ಕಡಿಮೆ ಇರುವ ಮಗುವಿಗೆ

ನಾನು ಹೇಳಿದ ಕ್ರಮದಲ್ಲಿ ಒಂದು ತೊಡಕಿದೆ. ಅಗ್ರಿಗೋಮೆಟ್ರಿಗೆ ಹತ್ತು ಹದಿನೈದು ಎಂಎಲ್ ರಕ್ತ ಬೇಕು. ಹಿಮೋಗ್ಲೋಬಿನ್ 6.8 ಇರುವ, ಇನ್ನೂ ಮೂಗು ನಿಲ್ಲದ ಮಗುವಿನಿಂದ ಅಷ್ಟು ತೆಗೆಯುವುದು ಜಾಣತನವಲ್ಲ. ಇಂಥಲ್ಲಿ ಫ್ಲೋ ಸೈಟೋಮೆಟ್ರಿಯನ್ನೇ ಮೊದಲು ಮಾಡಿಸಿ. ಒಂದು ಎಂಎಲ್‌ಗಿಂತ ಕಡಿಮೆ ಸಾಕು. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳು ಗ್ರಾಹಕಗಳಿಗೇ ಹೋಗಿ ಅಂಟುತ್ತವೆ. ಸಿಡಿ41 ಎಂದರೆ ಆಲ್ಫಾ-2ಬಿ, ಸಿಡಿ61 ಎಂದರೆ ಬೀಟಾ-3, ಸಿಡಿ42ಬಿ ಎಂದರೆ ಗ್ಲೈಕೊಪ್ರೋಟೀನ್ 1ಬಿ. ಮಾದರಿ ಸಿಟ್ರೇಟ್‌ನಲ್ಲಿದ್ದರೆ ಒಳ್ಳೆಯದು, ಯಾಕೆಂದರೆ ಆಲ್ಫಾ ಮತ್ತು ಬೀಟಾ ತುಂಡುಗಳನ್ನು ಜೊತೆಯಾಗಿ ಹಿಡಿದಿಡಲು ಕ್ಯಾಲ್ಸಿಯಂ ಬೇಕು; ಇಡಿಟಿಎಯಲ್ಲಿ ಬೆಚ್ಚಗೆ ಇಟ್ಟರೆ ಜೋಡಿ ಬಿಟ್ಟುಹೋಗಿ ಕೆಲವು ಪ್ರತಿಕಾಯಗಳು ಅಂಟುವುದಿಲ್ಲ.

ಹುಡುಗಿಯಲ್ಲಿ ಸಿಡಿ41 ಮತ್ತು ಸಿಡಿ61 ಆರೋಗ್ಯವಂತರ 2–3 ಶೇಕಡಾ, ಸಿಡಿ42ಬಿ ಪೂರ್ತಿ. ಗ್ರಾಹಕ 5 ಶೇಕಡಾಕ್ಕಿಂತ ಕಡಿಮೆಯಿದ್ದರೆ ಮೊದಲನೇ ಬಗೆ, 5ರಿಂದ 20ರವರೆಗೆ ಎರಡನೇ ಬಗೆ. ಮೂರನೆಯದು ಮೋಸದ್ದು. ಅಲ್ಲಿ ಗ್ರಾಹಕ 20 ಶೇಕಡಾಕ್ಕಿಂತ ಹೆಚ್ಚೇ, ಕೆಲವೊಮ್ಮೆ ಪೂರ್ತಿ ಇರುತ್ತದೆ. ಬಾಯಿ ಮಾತ್ರ ತೆರೆಯುವುದಿಲ್ಲ. ಬರೀ ಸಿಡಿ41 ನೋಡಿ 'ಕಾಯಿಲೆ ಇಲ್ಲ' ಎಂದು ವರದಿ ಕೊಟ್ಟರೆ ಎಣಿಕೆಯ ತಪ್ಪನ್ನೇ ಇನ್ನೊಂದು ಯಂತ್ರದಲ್ಲಿ ಮಾಡಿದಂತೆ. ತೆರೆದ ಬಾಯಿಗೆ ಮಾತ್ರ ಅಂಟುವ ಪ್ಯಾಕ್-1 ಎಂಬ ಪ್ರತಿಕಾಯ ಇರುವುದು ಇದಕ್ಕೆ. ರಕ್ತ ಸುಧಾರಿಸಿದ ಮೇಲೆ ಅಗ್ರಿಗೋಮೆಟ್ರಿಯನ್ನೂ ಮಾಡಿಸಿದರೆ ಅನುಮಾನ ಉಳಿಯುವುದಿಲ್ಲ.

ಸೋದರಮಾವನ ಲೆಕ್ಕ

ಆಲ್ಫಾ-2ಬಿ, ಬೀಟಾ-3 ಎರಡರ ಜೀನುಗಳೂ 17ನೇ ವರ್ಣತಂತುವಿನ ಮೇಲಿವೆ. ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಹಿಮೋಫಿಲಿಯಾದ ಹಾಗೆ ಗಂಡುಮಕ್ಕಳಿಗೇ ಮೀಸಲಲ್ಲ, ಕೀಲುಗಳಲ್ಲಿ ರಕ್ತ ತುಂಬುವುದೂ ಇಲ್ಲಿ ಅಪರೂಪ. ಒಂದೇ ಪ್ರತಿ ಕೆಟ್ಟವರಲ್ಲಿ ಗ್ರಾಹಕ ಸುಮಾರು ಅರ್ಧದಷ್ಟಿರುತ್ತದೆ, ರಕ್ತಸ್ರಾವ ಆಗುವುದಿಲ್ಲ. ಅರ್ಧ ಸಾಕಾಗುತ್ತದೆ.

ಹತ್ತು ಲಕ್ಷಕ್ಕೆ ಒಬ್ಬರು ಎನ್ನುವ ಈ ಕಾಯಿಲೆ ನೆಂಟರಲ್ಲೇ ಮದುವೆಯಾಗುವ ಕಡೆ ಹೆಚ್ಚು ಕಾಣುತ್ತದೆ: ಇರಾಕಿ ಮೂಲದ ಯಹೂದಿಗಳಲ್ಲಿ, ಫ್ರಾನ್ಸಿನ ಮನೂಶ್ ಅಲೆಮಾರಿಗಳಲ್ಲಿ, ಜೋರ್ಡಾನ್‌ನಲ್ಲಿ, ನಮ್ಮ ದಕ್ಷಿಣ ಭಾರತದಲ್ಲಿ. ಯಾಕೆಂದು ನಮ್ಮ ಹುಡುಗಿಯ ಮನೆಯಲ್ಲೇ ಲೆಕ್ಕ ಹಾಕೋಣ. ಅವಳ ತಂದೆ ಅವಳ ಅಜ್ಜಿಯ ತಮ್ಮನೇ. ಹಾಗಾಗಿ ಲೆಕ್ಕಕ್ಕೆ ಅಜ್ಜಿಗಿಂತ ಒಂದು ಮೆಟ್ಟಿಲು ಹಿಂದೆ, ಅಜ್ಜಿ ಮತ್ತು ಅವಳ ತಮ್ಮನ ಹೆತ್ತವರಿಗೆ ಹೋಗಬೇಕು. ಆ ಹಿರಿಯರಲ್ಲೊಬ್ಬರು ಕೆಟ್ಟ ಪ್ರತಿ ಹೊತ್ತಿದ್ದರೆ ಅದು ಮಗನಿಗೆ ಬರುವ ಸಾಧ್ಯತೆ ಅರ್ಧ. ಮಗಳಿಗೆ, ಅಂದರೆ ಅಜ್ಜಿಗೆ, ಅರ್ಧ. ಅಜ್ಜಿಯ ಮೂಲಕ ಹುಡುಗಿಯ ತಾಯಿಗೆ ಬರುವ ಸಾಧ್ಯತೆ ಕಾಲು. ತಂದೆ ತಾಯಿ ಇಬ್ಬರೂ ಹೊತ್ತಿರುವ ಸಾಧ್ಯತೆ ಅರ್ಧ ಗುಣಿಸು ಕಾಲು, ಎಂಟರಲ್ಲೊಂದು. ಅಂಥ ಜೋಡಿಯ ಪ್ರತಿ ಮಗುವಿಗೆ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲೊಂದು. ಎರಡನ್ನೂ ಗುಣಿಸಿದರೆ 32ರಲ್ಲೊಂದು. ಅತ್ತೆ ಮಗನನ್ನು ಮದುವೆಯಾಗಿದ್ದರೆ ಇದೇ ಲೆಕ್ಕ 64ರಲ್ಲೊಂದಕ್ಕೆ ಇಳಿಯುತ್ತದೆ. ಹುಡುಗಿಗೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ 32ರ ಮಾತಿಲ್ಲ. ಮುಂದಿನ ತಮ್ಮನಿಗೋ ತಂಗಿಗೋ ನೇರವಾಗಿ ನಾಲ್ಕರಲ್ಲೊಂದು. ಹುಡುಗಿಯ ಜೀನ್ ಬದಲಾವಣೆ ಯಾವುದೆಂದು ಮೊದಲೇ ಕಂಡುಕೊಂಡಿದ್ದರೆ ಬಸುರಿನಲ್ಲೇ ಪರೀಕ್ಷಿಸಬಹುದು. ಅದಿಲ್ಲದೆ ಬಸುರಾದ ಮೇಲೆ ಓಡಾಡಿದರೆ ಸಮಯ ಸಾಲದು.

ಮೂಗಿನಿಂದ ಶುರುಮಾಡಿ

ಹುಡುಗಿಯನ್ನು ಮಲಗಿಸಬೇಡಿ, ತಲೆ ಹಿಂದಕ್ಕೆ ಬಾಗಿಸಬೇಡಿ. ರಕ್ತ ಗಂಟಲಿಗಿಳಿದು ಹೊಟ್ಟೆ ಸೇರಿ ಆಮೇಲೆ ವಾಂತಿಯಾಗುತ್ತದೆ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು ಎರಡು ಬೆರಳಿನಿಂದ 15 ನಿಮಿಷ ಒತ್ತಿ ಹಿಡಿಯಬೇಕು. ನಡುವೆ ಬಿಟ್ಟು ಇಣುಕಿ ನೋಡಿದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಟ್ರಾನೆಕ್ಸಾಮಿಕ್ ಆಮ್ಲದ ಇಂಜೆಕ್ಷನ್ ದ್ರವದಲ್ಲಿ ನೆನೆಸಿದ ಹತ್ತಿಯನ್ನು ಒಳಗಿಟ್ಟು ಒತ್ತಬಹುದು. ಪ್ಯಾಕ್ ಮಾಡಲೇಬೇಕಾದರೆ ತಾನೇ ಕರಗುವ ಸ್ಪಂಜು ಇಡಿ. ಒಣಗಿದ ಗಾಜ್ ಪಟ್ಟಿ ಎಳೆದು ತೆಗೆಯುವಾಗ ಹೊಸ ಗಾಯವಾಗಿ ಮೊದಲಿಗಿಂತ ಜೋರು ಸುರಿಯುತ್ತದೆ.

ಟ್ರಾನೆಕ್ಸಾಮಿಕ್ ಆಮ್ಲ ಬಾಯಿಗೆ ಕೆಜಿಗೆ 25 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಹುಡುಗಿ 20 ಕೆಜಿ, ಹಾಗಾಗಿ ಅಂಗಡಿಯಲ್ಲಿ ಸಿಗುವ 500 ಮಿಲಿಗ್ರಾಂ ಮಾತ್ರೆ ಒಂದೊಂದು. ಇವಳಲ್ಲಿ ಫೈಬ್ರಿನ್ ಬಲೆ ಸರಿಯಾಗಿಯೇ ಕಟ್ಟುತ್ತದೆ, ಪಿಟಿ ಎಪಿಟಿಟಿ ಸರಿಯಿರುವುದು ಅದಕ್ಕೇ. ಕಟ್ಟಿದ ಬಲೆ ಬೇಗ ಕರಗದಂತೆ ಕಾಯುವುದು ಈ ಮದ್ದಿನ ಕೆಲಸ. ಮೂತ್ರದಲ್ಲಿ ರಕ್ತ ಬರುತ್ತಿದ್ದರೆ ಮಾತ್ರ ಬೇಡ. ಹೆಪ್ಪು ಕರಗದೆ ಮೂತ್ರನಾಳ ಕಟ್ಟಿಕೊಳ್ಳಬಹುದು. ಕಬ್ಬಿಣದ ಔಷಧವನ್ನು ಹಿಮೋಗ್ಲೋಬಿನ್ ಏರಿದ ಕೂಡಲೇ ನಿಲ್ಲಿಸದೆ ಇನ್ನೂ ಎರಡು ಮೂರು ತಿಂಗಳು ಕೊಡಬೇಕು.

ಇಷ್ಟಕ್ಕೂ ನಿಲ್ಲದಿದ್ದರೆ ಎಲ್ಲರ ಕೈ ಹೋಗುವುದು ಪ್ಲೇಟ್‌ಲೆಟ್ ಚೀಲಕ್ಕೆ. ಅದು ಕೆಲಸ ಮಾಡುತ್ತದೆ, ಆದರೆ ಅಲ್ಲೊಂದು ಬಲೆಯಿದೆ. ಹುಡುಗಿಯ ದೇಹ ಹುಟ್ಟಿನಿಂದ ಆಲ್ಫಾ-2ಬಿ ಬೀಟಾ-3 ಕಂಡೇ ಇಲ್ಲ. ದಾನಿಯ ಪ್ಲೇಟ್‌ಲೆಟ್ ಮೇಲಿನ ಆ ಗ್ರಾಹಕ ಅವಳ ರೋಗನಿರೋಧಕ ವ್ಯವಸ್ಥೆಗೆ ಪರಕೀಯ. ಅದರ ವಿರುದ್ಧ ಪ್ರತಿಕಾಯ ಹುಟ್ಟಿಕೊಂಡರೆ ಮುಂದೆ ಯಾರ ಪ್ಲೇಟ್‌ಲೆಟ್ ಕೊಟ್ಟರೂ ನಿಮಿಷಗಳಲ್ಲಿ ನಾಶ, ಏಕೆಂದರೆ ಆ ಗ್ರಾಹಕ ಇಲ್ಲದ ದಾನಿಯೇ ಇಲ್ಲ. ಒಬ್ಬರಿಂದೊಬ್ಬರಿಗೆ ಬದಲಾಗುವ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳ ವಿರುದ್ಧದ ಪ್ರತಿಕಾಯವಾದರೆ ಹೊಂದುವ ದಾನಿಯನ್ನು ಹುಡುಕಬಹುದು. ಇದಕ್ಕೆ ಆ ದಾರಿಯೂ ಇಲ್ಲ. ಅವಳು ದೊಡ್ಡವಳಾಗಿ ಬಸುರಾದಾಗ ಅದೇ ಪ್ರತಿಕಾಯ ಕರುಳುಬಳ್ಳಿಯ ಮೂಲಕ ಹೋಗಿ ಮಗುವಿನ ಪ್ಲೇಟ್‌ಲೆಟ್‌ಗಳನ್ನೂ ಹೊಡೆಯಬಹುದು. ಆರು ವರ್ಷದ ಮಗುವಿನ ಮೂಗಿಗೆ ಅವಸರದಲ್ಲಿ ಏರಿಸಿದ ಚೀಲದ ಬೆಲೆಯನ್ನು ಇಪ್ಪತ್ತು ವರ್ಷದ ನಂತರದ ಹೆರಿಗೆಯಲ್ಲಿ ತೆರಬೇಕಾದೀತು. ಹಾಗಾಗಿ ಪ್ಲೇಟ್‌ಲೆಟ್ ಚೀಲವನ್ನು ಜೀವಕ್ಕೆ ಕುತ್ತಾದ ರಕ್ತಸ್ರಾವಕ್ಕೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಉಳಿಸಿಕೊಳ್ಳಬೇಕು. ಕೊಡಲೇಬೇಕಾದರೆ ಬಿಳಿರಕ್ತಕಣ ಸೋಸಿದ, ಒಬ್ಬನೇ ದಾನಿಯ ಚೀಲ. ರಕ್ತ ಏರಿಸಬೇಕಾಗಿ ಬಂದರೂ ಸೋಸಿದ ಕೆಂಪು ಕಣಗಳನ್ನೇ ಕೇಳಿ. ಚೀಲ ಫಲಿಸಿತೇ ಎಂದು ಎಣಿಕೆಯಲ್ಲಿ ಹುಡುಕುವುದು ಕಷ್ಟ, ಅವಳ ಎಣಿಕೆ ಮೊದಲೇ 2,60,000 ಇತ್ತಲ್ಲ. ಫ್ಲೋದಲ್ಲಿ ಸಿಡಿ41 ಹೊತ್ತ ಪ್ಲೇಟ್‌ಲೆಟ್ ಎಷ್ಟಿವೆ ಎಂದು ನೋಡಿದರೆ ಅಷ್ಟೂ ದಾನಿಯವು. ಒಂದು ಗಂಟೆಯ ನಂತರವೂ ಅವು ಕಾಣದಿದ್ದರೆ ಪ್ರತಿಕಾಯದ ಅನುಮಾನ ಪಡಬೇಕು.

ಪ್ಲೇಟ್‌ಲೆಟ್ ಫಲಿಸದವರಿಗೆ ಇರುವುದು ಲ್ಯಾಬ್‌ನಲ್ಲಿ ತಯಾರಿಸಿದ ಹೆಪ್ಪುಗಟ್ಟಿಸುವ ಪ್ರೋಟೀನು, ರಿಕಾಂಬಿನೆಂಟ್ ಫ್ಯಾಕ್ಟರ್ 7ಎ. ಕೆಜಿಗೆ 90 ಮೈಕ್ರೊಗ್ರಾಂ, ಈ ಹುಡುಗಿಗೆ 1.8 ಮಿಲಿಗ್ರಾಂ. ಔಷಧ ದೇಹದಲ್ಲಿ ಬೇಗ ಇಳಿಯುವುದರಿಂದ ಎರಡು ಗಂಟೆಗೊಮ್ಮೆ, ಕನಿಷ್ಠ ಮೂರು ಸಲ. ಇದು ಪ್ಲೇಟ್‌ಲೆಟ್‌ಗೆ ಕೈ ಕೊಡುವುದಿಲ್ಲ. ಎಚ್ಚೆತ್ತ ಪ್ಲೇಟ್‌ಲೆಟ್‌ನ ಮೇಲ್ಮೈಯಲ್ಲಿ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಮಾಡುವ ಥ್ರಾಂಬಿನ್ ಹೆಚ್ಚಿಸಿ ಫೈಬ್ರಿನ್ ಬಲೆಯನ್ನು ದಟ್ಟವಾಗಿಸುತ್ತದೆ. ಬೆಲೆ ಮಾತ್ರ ವಿಪರೀತ. ಮೊದಲ ಡೋಸ್ ತಡವಾದಷ್ಟೂ ಫಲ ಕಡಿಮೆಯಾದ್ದರಿಂದ, ನಾಳೆ ತರಿಸೋಣ ಎಂದು ಕೂರುವ ಔಷಧವಲ್ಲ.

ಹೆಣ್ಣುಮಗುವೆಂದರೆ ಇನ್ನೊಂದು ದಿನಾಂಕ ಮುಂದೆ ಕಾದಿದೆ. ಮೊದಲ ಮುಟ್ಟಿನಲ್ಲೇ ಆಸ್ಪತ್ರೆ ಸೇರುವಷ್ಟು ರಕ್ತ ಹೋಗಬಹುದು. ಒಂಬತ್ತು ಹತ್ತು ವರ್ಷಕ್ಕೆ ಎದೆ ಬೆಳೆಯಲು ಶುರುವಾದಾಗಲೇ ಸ್ತ್ರೀರೋಗ ತಜ್ಞರನ್ನು ಕಂಡು, ಟ್ರಾನೆಕ್ಸಾಮಿಕ್ ಆಮ್ಲ ಮತ್ತು ನೊರೆಥಿಸ್ಟೆರಾನ್ ಎಂಬ ಹಾರ್ಮೋನು ಮಾತ್ರೆ ಯಾವಾಗ, ಎಷ್ಟು ಎಂದು ಬರೆಸಿ ಮನೆಯಲ್ಲಿಟ್ಟುಕೊಳ್ಳಬೇಕು. ರಕ್ತ ನಿಂತಿತೆಂದು ಹಾರ್ಮೋನು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಮತ್ತೆ ಜೋರಾಗಿ ಶುರುವಾಗುತ್ತದೆ; ನಿಧಾನವಾಗಿ ಇಳಿಸಬೇಕು.

ಇನ್ನು ಶಾಲೆಯ ಬ್ಯಾಗಿನಲ್ಲಿಡುವ ಚೀಟಿ. ಜ್ವರ ಬಂದಾಗ, ಬಿದ್ದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ 'ಸೊಂಟಕ್ಕೆ ಒಂದು ಇಂಜೆಕ್ಷನ್' ಕೊಡುವುದು ನಮ್ಮಲ್ಲಿ ವಾಡಿಕೆ. ಅದು ಡಿಕ್ಲೊಫಿನ್ಯಾಕ್ ಆಗಿದ್ದರೆ ಇವಳಿಗೆ ಎರಡು ಪೆಟ್ಟು: ಸ್ನಾಯುವಿನೊಳಗೆ ರಕ್ತದ ಗಡ್ಡೆ, ಇರುವ ಅಲ್ಪಸ್ವಲ್ಪ ಪ್ಲೇಟ್‌ಲೆಟ್ ಕೆಲಸಕ್ಕೂ ತಡೆ. ಚೀಟಿಯ ಮೇಲೆ ಕಾಯಿಲೆಯ ಹೆಸರು, ರಕ್ತದ ಗುಂಪು, ಪ್ರತಿಕಾಯ ಇದೆಯೋ ಇಲ್ಲವೋ, ಟ್ರಾನೆಕ್ಸಾಮಿಕ್ ಡೋಸ್, ನೋಡುವ ವೈದ್ಯರ ಫೋನ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಸೊಂಟಕ್ಕೆ ಇಂಜೆಕ್ಷನ್ ಬೇಡ, ಲಸಿಕೆ ಸಣ್ಣ ಸೂಜಿಯಲ್ಲಿ, ಆಮೇಲೆ ಉಜ್ಜದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಪ್ಲೇಟ್‌ಲೆಟ್ ಎಣಿಕೆ ಸರಿಯಿರುತ್ತದೆ, ಅದನ್ನು ನೋಡಿ ಮನೆಗೆ ಕಳಿಸಬೇಡಿ.